ಕಾಲ್ ಮಾಡೋಕೆ ಯಾವ ಡಿಶ್? ಎರಡನ್ನೂ ಇಟ್ಟು ನೋಡಿದ್ದು

ನಾವಿರುವುದು ಟೆಕ್ಸಸ್‌ನ ಹಳ್ಳಿ ಕಡೆ. ಇಲ್ಲಿಗೆ ಕೇಬಲ್ಲೂ ಬಂದಿಲ್ಲ, ಫೈಬರ್ರೂ ಬಂದಿಲ್ಲ. ಅಮ್ಮ ಇರುವುದು ತೀರ್ಥಹಳ್ಳಿಯಲ್ಲಿ. ಹಾಗಾಗಿ ನಮಗೆ ಇಂಟರ್‌ನೆಟ್ ಅಂದರೆ ಮೊದಲು ಕಾಲ್, ಆಮೇಲೆ ಉಳಿದದ್ದು. ಹಳೇ ಉಪಗ್ರಹ ಇಂಟರ್‌ನೆಟ್ ಡಿಶ್‌ನ ಕರಾರು ಮುಗಿಯುವ ಮೊದಲೇ ಹೊಸದನ್ನು ಹಾಕಿಸಿದ್ದರಿಂದ ಕೆಲವು ತಿಂಗಳು ಎರಡೂ ಒಂದೇ ಸೂರಿನ ಮೇಲಿದ್ದವು. ಕಂಪನಿಗಳ ಹೆಸರು ಇಲ್ಲಿ ಬೇಡ, ವ್ಯತ್ಯಾಸ ಇರುವುದು ಉಪಗ್ರಹ ಎಷ್ಟು ಎತ್ತರದಲ್ಲಿದೆ ಅನ್ನುವುದರಲ್ಲಿ.

ಹಳೇದು ಭೂಸ್ಥಿರ ಉಪಗ್ರಹದ, ಅಂದರೆ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹದ ಕಡೆ ತಿರುಗಿಸಿಟ್ಟ ಡಿಶ್. ಆ ಉಪಗ್ರಹದ ಎತ್ತರ 35,786 ಕಿ.ಮೀ. ಹೊಸದು ಸುಮಾರು 550 ಕಿ.ಮೀ. ಎತ್ತರದಲ್ಲಿ ಓಡುವ ಉಪಗ್ರಹಗಳನ್ನು ಒಂದಾದ ಮೇಲೊಂದು ಹಿಡಿಯುವ ಚಪ್ಪಟೆ ಡಿಶ್. ಹಳೇದರಲ್ಲಿ ಸಿಗ್ನಲ್ ಮೇಲೆ ಹೋಗಿ ಕೆಳಗೆ ಇಳಿಯುವುದಕ್ಕೇ 240 ಮಿಲಿಸೆಕೆಂಡ್ ಬೇಕು. ಉತ್ತರ ಬರುವಾಗ ಮತ್ತೆ ಅಷ್ಟೇ. ಬೆಳಕಿಗಿಂತ ಬೇಗ ಏನೂ ಹೋಗುವುದಿಲ್ಲವಲ್ಲ, ದುಬಾರಿ ಪ್ಲಾನ್ ತಗೊಂಡರೂ ಇದು ಕಮ್ಮಿಯಾಗುವುದಿಲ್ಲ. ಒಂದು ಸಣ್ಣ ಸಂದೇಶ ಹೋಗಿ ಉತ್ತರ ಬರಲು ಎಷ್ಟು ಹೊತ್ತು ಬೇಕು ಅಂತ 60 ಸಲ ಅಳೆಯುವ ಈ ಕಮಾಂಡನ್ನು ಎರಡರಲ್ಲೂ ಓಡಿಸಿ ನೋಡಿದೆ:

```
ping -c 60 1.1.1.1
```

ಹಳೇದರಲ್ಲಿ ಸರಾಸರಿ 600ರಿಂದ 700 ಮಿಲಿಸೆಕೆಂಡ್. ಹೊಸದರಲ್ಲಿ 30ರಿಂದ 60.

ಈಗ ಅಮ್ಮನ ಕಾಲ್ ಲೆಕ್ಕ. ಇಲ್ಲಿಂದ ಭಾರತಕ್ಕೆ ಸಮುದ್ರದಡಿಯ ಕೇಬಲ್‌ನಲ್ಲಿ ಮಾತು ಹೋಗಲು ಒಂದು ಕಡೆಗೆ 125 ಮಿಲಿಸೆಕೆಂಡ್ ಆಸುಪಾಸು ಬೇಕು. ಹೊಸ ಡಿಶ್‌ನ ಪಾಲು, ಅಂದರೆ ping ತೋರಿಸಿದ್ದರ ಸುಮಾರು ಅರ್ಧ, 20 ಸೇರಿಸಿದರೆ 150ರ ಹತ್ತಿರ. ಹಳೇದರ ಪಾಲು 300 ಸೇರಿಸಿದರೆ 425. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಪ್ರಕಾರ, ಒಂದು ಕಡೆಗೆ 150ರೊಳಗಿದ್ದರೆ ಮಾತು ಸಲೀಸು. 400 ದಾಟುವ ಹಾಗೆ ಜಾಲವನ್ನು ಕಟ್ಟಲೇಬಾರದು. ಇದರ ಮೇಲೆ ಕಾಲ್ ಆ್ಯಪ್ ತನ್ನ ಪಾಲಿನ ತಡವನ್ನೂ ಸೇರಿಸುತ್ತದೆ.

ಹಳೇ ಡಿಶ್‌ನಲ್ಲಿ ಇದು ಹೇಗಿರುತ್ತೆ ಅಂದರೆ, ನಾನು "ಊಟ ಆಯ್ತಾ ಅಮ್ಮ?" ಅಂತ ಕೇಳುತ್ತೇನೆ. ಸದ್ದಿಲ್ಲ. ಕೇಳಿಸಲಿಲ್ಲವೇನೋ ಅಂತ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅಮ್ಮನ ಉತ್ತರ ಬರುತ್ತದೆ. ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತೇವೆ. ಅಮ್ಮ ಸ್ಪೀಕರ್ ಹಾಕಿದ್ದರೆ ನನ್ನದೇ ದನಿ ಸುಮಾರು ಒಂದು ಸೆಕೆಂಡ್ ಬಿಟ್ಟು ನನಗೇ ವಾಪಸ್ ಕೇಳಿಸುತ್ತದೆ. ಈ ಪ್ರತಿಧ್ವನಿ ಹುಟ್ಟುವುದು ಆ ಕಡೆಯ ಫೋನಿನಲ್ಲಿ. ಹಾಗಾಗಿ ಇಯರ್‌ಫೋನ್ ಹಾಕಬೇಕಾದವರು ಅವರು, ನಾವಲ್ಲ. ವಿಡಿಯೊ ಆಫ್ ಮಾಡಿದರೆ ಮಾತು ತುಂಡಾಗುವುದು ಕಮ್ಮಿಯಾಗಬಹುದು, ಆದರೆ ತಡ ಹಾಗೇ ಇರುತ್ತದೆ.

ಸ್ಪೀಡ್ ಟೆಸ್ಟ್ ನೋಡಿ ಡಿಶ್ ಆರಿಸಬೇಡಿ. ಹಳೇದರಲ್ಲೂ ವೆಬ್ ಪುಟಗಳು ಚೆನ್ನಾಗೇ ತೆರೆಯುತ್ತವೆ, ಯಾಕೆಂದರೆ ಮೋಡೆಮ್ ಉತ್ತರಕ್ಕೆ ಕಾಯದೆ ಡೇಟಾ ತರಿಸಿಕೊಳ್ಳುವ ಉಪಾಯ ಮಾಡುತ್ತದೆ. ಆಡದ ಮಾತನ್ನು ಮುಂಚೆಯೇ ತರಿಸಿಕೊಳ್ಳೋಕೆ ಆಗಲ್ಲ, ಅಲ್ವಾ?

ಇನ್ನು ಮಳೆ. ಜಿಟಿಜಿಟಿ ಮಳೆಗೆ ಎರಡೂ ಜಗ್ಗಲಿಲ್ಲ. ಗುಡುಗು ಮಳೆಯೇ ಬೇರೆ. ದಪ್ಪ ಹನಿಗಳು ಸಿಗ್ನಲ್ಲನ್ನು ಹೀರಿಕೊಂಡು ಚದುರಿಸುತ್ತವೆ. ಸಿಗ್ನಲ್‌ನ ಫ್ರೀಕ್ವೆನ್ಸಿ ಹೆಚ್ಚಿದಷ್ಟೂ ಪೆಟ್ಟು ಜಾಸ್ತಿ, ಹಾಗಾಗಿ ಹೆಚ್ಚು ಫ್ರೀಕ್ವೆನ್ಸಿಯ ಕೆಎ ಬ್ಯಾಂಡ್ ಅದಕ್ಕಿಂತ ಕಮ್ಮಿ ಫ್ರೀಕ್ವೆನ್ಸಿಯ ಕೆಯು ಬ್ಯಾಂಡ್‌ಗಿಂತ ಬೇಗ ಸೋಲುತ್ತದೆ. ನಮ್ಮ ಹಳೇ ಡಿಶ್ ದಕ್ಷಿಣಕ್ಕೆ ಓರೆಯಾಗಿ ನೋಡುತ್ತಿತ್ತು. ದಕ್ಷಿಣದಲ್ಲಿ ಕಪ್ಪು ಮೋಡ ಎದ್ದರೆ ಅಂಗಳದಲ್ಲಿ ಒಂದು ಹನಿ ಬೀಳುವ ಮೊದಲೇ ಲಿಂಕ್ ಹೋಗುತ್ತಿತ್ತು. ಮೋಡ ಉತ್ತರಕ್ಕೆ ದಾಟಿದ ಮೇಲೆ, ಸೂರಿನ ಮೇಲೆ ಇನ್ನೂ ಮಳೆ ಹೊಡೆಯುತ್ತಿರುವಾಗಲೇ ವಾಪಸ್ ಬರುತ್ತಿತ್ತು. ಉಪಗ್ರಹದ ಸಿಗ್ನಲ್ ಇಂಟರ್‌ನೆಟ್‌ಗೆ ಸೇರುವ ಕಂಪನಿಯ ನೆಲದ ಕೇಂದ್ರದ ಮೇಲೆ ಜೋರು ಮಳೆಯಾದರೂ ಲಿಂಕ್‌ಗೆ ಪೆಟ್ಟು ಬೀಳಬಹುದು, ಆಗ ನಮ್ಮಲ್ಲಿ ಬಿಸಿಲೇ ಇರಬಹುದು.

ಒಂದು ವಿಷಯ ಗಮನಿಸಿ. ಮಳೆ ಸಿಗ್ನಲ್‌ನ ಓಟವನ್ನು ನಿಧಾನ ಮಾಡುವುದಿಲ್ಲ, ಪ್ಯಾಕೆಟ್‌ಗಳನ್ನು, ಅಂದರೆ ಡೇಟಾ ಹೊತ್ತೊಯ್ಯುವ ಸಣ್ಣ ತುಂಡುಗಳನ್ನು, ಕಳೆಯುತ್ತದೆ. ವೆಬ್ ಪುಟ ಕಳೆದದ್ದನ್ನು ಮತ್ತೆ ಕೇಳಿ ತರಿಸುತ್ತದೆ. ಕಾಲ್‌ನಲ್ಲಿ ಅದಕ್ಕೆ ಪುರುಸೊತ್ತಿಲ್ಲ, ಮಾತು ತುಂಡಾಗುತ್ತದೆ ಅಷ್ಟೇ. ping ಕೊನೆಯಲ್ಲಿ ಬರುವ packet loss ನೋಡಿ. 1% ಒಳಗಿದ್ದರೆ ತೊಂದರೆಯಿಲ್ಲ. 5% ಆದರೆ ಪದಗಳೇ ನುಂಗಿಹೋಗುತ್ತವೆ.

ಹೊಸ ಡಿಶ್ ಕೂಡ ಜಡಿ ಮಳೆಗೆ ಬೀಳುತ್ತದೆ, ಆದರೆ ಉಪಗ್ರಹಗಳು ಆಕಾಶದ ಬೇರೆ ಬೇರೆ ಕಡೆ ಇರುವುದರಿಂದ ನಮ್ಮಲ್ಲಿ ಬೇಗ ಎದ್ದಿತು. ಅದರ ನಿಜವಾದ ಶತ್ರು ಮರ. ಹಳೇದಕ್ಕೆ ದಕ್ಷಿಣದ ಒಂದು ಕಿಂಡಿ ಸಾಕಿತ್ತು, ಇದಕ್ಕೆ ಅಗಲವಾದ ಆಕಾಶ ಬೇಕು. ಓಕ್ ಮರದ ಕೊಂಬೆ ಅಡ್ಡ ಇದ್ದಷ್ಟು ದಿನ ಬಿಸಿಲಲ್ಲೂ ಅಮ್ಮನ ಮುಖ ಆಗಾಗ ಒಂದೆರಡು ಸೆಕೆಂಡ್ ಹೆಪ್ಪುಗಟ್ಟುತ್ತಿತ್ತು. ಡಿಶ್ಶನ್ನು ಸೂರಿನ ತುದಿಗೆ ಸರಿಸಿದ ಮೇಲೆ ನಿಂತಿತು. ಮೋಡ ಬಂದಾಗ ಮಾತ್ರ ಪ್ಯಾಕೆಟ್ ಹೋದರೆ ಅದು ಮಳೆ. ಬಿಸಿಲಲ್ಲೂ ಬಿಟ್ಟು ಬಿಟ್ಟು ಹೋದರೆ ಮೊದಲು ಮರ ನೋಡಿ.

ಕಾಲ್‌ಗಾಗಿ ಆದರೆ ನನ್ನ ಮತ ಕೆಳಗಿನ ಉಪಗ್ರಹಕ್ಕೇ. ಬರೀ ಮೇಲ್, ಸಿನಿಮಾ ಸಾಕು ಅನ್ನುವವರಿಗೆ, ಸುತ್ತ ದಟ್ಟ ಮರ ಇದ್ದು ಕಡಿಯೋಕೆ ಆಗದವರಿಗೆ ಹಳೇದೇ ಸರಿ. ಯಾವುದೇ ಇರಲಿ, ತುರ್ತು ಕಾಲ್‌ಗೆ ಮೊಬೈಲ್ ಸಿಗ್ನಲ್ ಸಿಗುವ ಜಾಗ ಮನೆ ಹತ್ತಿರ ಎಲ್ಲಿದೆ ಅಂತ ಮೊದಲೇ ಹುಡುಕಿಟ್ಟುಕೊಳ್ಳಿ. ನಮಗೆ ಅದು ಗೇಟಿನ ಪಕ್ಕ ಸಿಗುತ್ತದೆ.