ಕ್ಯೂಆರ್ ಕೋಡ್ ಅಸಲಿ, ಕಾರ್ಡ್ ಅಸಲಿ, ವಜ್ರ ಮಾತ್ರ ನಕಲಿ

ವಜ್ರದ ಒಡವೆಯನ್ನು ಅಂಗಡಿಯ ಹೊರಗೆ, ಪರಿಚಯದವರ ಮೂಲಕ ಕೊಳ್ಳುವ ಯೋಚನೆ ಇದ್ದರೆ ಇದನ್ನು ಓದಿ. ನಮ್ಮಕ್ಕ ಹೀಗೆ ಒಂದು ಉಂಗುರ ಕೊಂಡಳು. ಒಂಟಿ ಹರಳು, ಅರ್ಧ ಕ್ಯಾರೆಟ್. ಜೊತೆಗೆ ಲ್ಯಾಬಿನ ಸರ್ಟಿಫಿಕೇಟ್ ಕಾರ್ಡ್, ಅದರ ಮೂಲೆಯಲ್ಲಿ ಕ್ಯೂಆರ್ ಕೋಡ್. ಮಾರಿದವನು "ನನ್ನ ಮಾತು ನಂಬಬೇಡಿ ಮೇಡಂ, ನೀವೇ ಸ್ಕ್ಯಾನ್ ಮಾಡಿ ನೋಡಿ" ಅಂದ. ಸ್ಕ್ಯಾನ್ ಮಾಡಿದರೆ ಲ್ಯಾಬಿನ ನಿಜವಾದ ವೆಬ್‌ಸೈಟೇ ತೆರೆಯಿತು. ರಿಪೋರ್ಟ್ ನಂಬರ್, ತೂಕ, ಬಣ್ಣ ಎಲ್ಲ ಕಾರ್ಡಿನಲ್ಲಿ ಇದ್ದ ಹಾಗೇ ಇತ್ತು. ಮಾತು ಅಲ್ಲಿಗೆ ಮುಗಿಯಿತು, ದುಡ್ಡು ಕೊಟ್ಟಾಯಿತು.

ಆಮೇಲೆ ಉಂಗುರ ಸಡಿಲ ಅಂತ ನಮ್ಮ ಅಕ್ಕಸಾಲಿಗರ ಹತ್ತಿರ ಹೋದಾಗ ವಿಷಯ ಗೊತ್ತಾಯಿತು. ಅವರು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ಹರಳನ್ನು ಸ್ವಲ್ಪ ಓರೆ ಮಾಡಿ ನೋಡಿದರು. ಆಮೇಲೆ ನಮಗೂ ತೋರಿಸಿದರು. ಹರಳಿನ ಹಿಂಭಾಗದ ಗೆರೆಗಳು ಒಂದೊಂದೂ ಎರಡೆರಡಾಗಿ ಕಾಣುತ್ತಿದ್ದವು. ವಜ್ರದಲ್ಲಿ ಹಾಗೆ ಕಾಣುವುದಿಲ್ಲ. ಅದು ಮಾಯ್ಸನೈಟ್, ಕಾರ್ಖಾನೆಯಲ್ಲಿ ತಯಾರಾಗುವ ಬೇರೆಯೇ ಹರಳು. ಶಾಖವನ್ನು ಹೆಚ್ಚು ಕಡಿಮೆ ವಜ್ರದ ಹಾಗೇ ಸಾಗಿಸುತ್ತದೆ. ಹಾಗಾಗಿ ಶಾಖ ನೋಡಿ ಹೇಳುವ ಪೆನ್ನಿನಂಥ ಟೆಸ್ಟರ್ ಇಟ್ಟರೆ ಅದೂ "ವಜ್ರ" ಅಂತಲೇ ಹೇಳುತ್ತದೆ.

ಹರಳನ್ನು ಬಿಚ್ಚಿಸಿ ಅಳತೆ ಮಾಡಿಸಿದೆವು. ಅಗಲ ರಿಪೋರ್ಟಿನಲ್ಲಿ ಇದ್ದಷ್ಟೇ, ಸುಮಾರು 5.1 ಮಿಲಿಮೀಟರ್. ತೂಕ ಮಾತ್ರ 0.50 ಬದಲು 0.45 ಕ್ಯಾರೆಟ್. ಮಾಯ್ಸನೈಟ್ ವಜ್ರಕ್ಕಿಂತ ಹಗುರ, ಅದಕ್ಕೇ ಗಾತ್ರ ಹೊಂದಿದರೂ ತೂಕ ಹೊಂದಲಿಲ್ಲ. ಉಂಗುರದಲ್ಲಿ ಕೂತಿರುವವರೆಗೆ ಹರಳನ್ನು ಬೇರೆಯಾಗಿ ತೂಗೋಕೆ ಆಗುವುದಿಲ್ಲ ಅಲ್ವಾ, ಮಾರಿದವನಿಗೆ ಅದೇ ಅನುಕೂಲ.

ಹಾಗಾದರೆ ಕ್ಯೂಆರ್ ಕೋಡ್ ಸುಳ್ಳು ಹೇಳಿತಾ? ಇಲ್ಲ. ಇಂಥ ಕಾರ್ಡುಗಳ ಕೋಡಿನಲ್ಲಿ ಸಾಮಾನ್ಯವಾಗಿ ಇರುವುದು ಒಂದು ವೆಬ್ ವಿಳಾಸ ಮಾತ್ರ. ಅದು ಲ್ಯಾಬಿನ ಸ್ವಂತ ವಿಳಾಸವೇ ಆಗಿದ್ದರೆ, ಇಂಥ ನಂಬರಿನ ರಿಪೋರ್ಟ್ ನಮ್ಮಲ್ಲಿದೆ, ಒಂದು ದಿನ ನಮ್ಮ ಮೇಜಿನ ಮೇಲೆ ಇಂಥ ಹರಳು ಇತ್ತು ಅಂತ ಲ್ಯಾಬ್ ಹೇಳುತ್ತದೆ. ಅಷ್ಟೇ. ನಿಮ್ಮ ಕೈಯಲ್ಲಿರುವುದು ಅದೇ ಹರಳು ಅಂತ ಅದು ಹೇಳೋಕೆ ಸಾಧ್ಯವೇ ಇಲ್ಲ. ಕಾರ್ಡು ಒಂದು ಹರಳಿನದು, ಉಂಗುರದಲ್ಲಿ ಇದ್ದದ್ದು ಇನ್ನೊಂದು. ಕೋಡನ್ನು ಫೋಟೋ ತೆಗೆದು ಎಷ್ಟು ಕಾರ್ಡಿನ ಮೇಲೆ ಬೇಕಾದರೂ ಮುದ್ರಿಸಬಹುದು, ಎಲ್ಲವೂ ಅದೇ ಅಸಲಿ ಪುಟವನ್ನೇ ತೆರೆಯುತ್ತವೆ.

ವಿಳಾಸವೇ ನಕಲಿ ಆಗಿದ್ದರಂತೂ ಇಷ್ಟು ಭರವಸೆಯೂ ಇಲ್ಲ. ಲೋಗೋ, ಹಸಿರು ಟಿಕ್ ಮಾರ್ಕ್ ಇರುವ ಪುಟವನ್ನು ಯಾರು ಬೇಕಾದರೂ ಮಾಡಬಹುದು. ವಜ್ರ ಪರೀಕ್ಷಿಸುವ ಜಿಐಎ ಲ್ಯಾಬಿನ ವಿಳಾಸ `gia.edu` ಒಂದು, `gia.edu.report.example` ಇನ್ನೊಂದು. ಎರಡನೆಯದರ ಒಡೆಯ ಯಾರು ಅನ್ನೋದು ಕೊನೆಯ ಭಾಗದಲ್ಲಿದೆ, ಮೊದಲ ಭಾಗದಲ್ಲಿ ಏನು ಬರೆದಿದ್ದರೂ ಲೆಕ್ಕಕ್ಕಿಲ್ಲ. ಅದಕ್ಕೇ ಸ್ಕ್ಯಾನ್ ಮಾಡುವ ಬದಲು ಲ್ಯಾಬಿನ ವಿಳಾಸವನ್ನು ನೀವೇ ಟೈಪ್ ಮಾಡಿ, ಅಲ್ಲಿ ರಿಪೋರ್ಟ್ ನಂಬರ್ ಹಾಕಿ. ಜಿಐಎ ರಿಪೋರ್ಟ್ ಆದರೆ `gia.edu/report-check`.

ಆಧಾರ್ ಕ್ಯೂಆರ್ ಬೇರೆ ಜಾತಿಯದು. ಅದರೊಳಗೇ ಮಾಹಿತಿ, ಫೋಟೋ, ಡಿಜಿಟಲ್ ಸಹಿ ಇರುತ್ತವೆ. ಒಂದಕ್ಷರ ತಿದ್ದಿದರೂ ಆಧಾರ್‌ನವರ ಸ್ಕ್ಯಾನರ್ ಆ್ಯಪ್ ಹಿಡಿಯುತ್ತದೆ. ಆದರೂ ಎದುರಿಗೆ ನಿಂತಿರುವವರ ಮುಖವನ್ನು ಆ ಫೋಟೋ ಜೊತೆ ಹೋಲಿಸಿ ನೋಡಬೇಕಾದವರು ನೀವೇ.

ವಜ್ರಕ್ಕೆ ಆ ಫೋಟೋದ ಜಾಗದಲ್ಲಿ ಇರುವುದು ಗರ್ಡಲ್, ಅಂದರೆ ಹರಳಿನ ನಡುವಿನ ಸಣ್ಣ ಅಂಚು. ಎಷ್ಟೋ ಹರಳುಗಳಲ್ಲಿ ಅಲ್ಲಿ ರಿಪೋರ್ಟ್ ನಂಬರನ್ನು ಲೇಸರಿನಿಂದ ಕೆತ್ತಿರುತ್ತಾರೆ. ಬರಿಗಣ್ಣಿಗೆ ಕಾಣದು, ಲೂಪ್ ಬೇಕು. ನಮ್ಮ ಕಾರ್ಡಿನಲ್ಲಿ ಕೆತ್ತನೆ ಇದೆ ಅಂತ ಬರೆದಿತ್ತು, ಹರಳಿನಲ್ಲಿ ಏನೂ ಇರಲಿಲ್ಲ. ಹಾಗಂತ ನಂಬರ್ ಕಂಡ ಕೂಡಲೇ ನಂಬಲೂಬೇಡಿ. ಲ್ಯಾಬಿನಲ್ಲಿ ಬೆಳೆಸಿದ ವಜ್ರದ ಮೇಲೆ ನೈಸರ್ಗಿಕ ವಜ್ರದ ನಂಬರ್ ಕೆತ್ತಿ ಕಳಿಸಿದ್ದನ್ನು ಜಿಐಎ ತಾನೇ ಹಿಡಿದು ಪ್ರಕಟಿಸಿದೆ. ಅಂಥ ಹರಳಿಗೆ ಲೂಪ್ ಸಾಲದು, ಲ್ಯಾಬಿನಲ್ಲೇ ಪರೀಕ್ಷೆ ಆಗಬೇಕು.

ಮಾರಿದವನಿಗೆ ಫೋನ್ ಮಾಡಿದರೆ "ಕಾರ್ಡ್ ಅಸಲಿ ತಾನೇ? ನೀವೇ ನೋಡಿದಿರಲ್ಲ" ಅಂತ ಒಂದೇ ಮಾತು. ಕೈಬರಹದ ರಸೀದಿಯಲ್ಲಿ "ಉಂಗುರ ಒಂದು" ಅಂತ ಮಾತ್ರ ಇತ್ತು. ನೀವು ಕೊಳ್ಳುವುದಾದರೆ ಬಿಲ್ಲಿನಲ್ಲೇ ರಿಪೋರ್ಟ್ ನಂಬರ್, ಹರಳಿನ ತೂಕ, "ನೈಸರ್ಗಿಕ ವಜ್ರ" ಅನ್ನೋ ಪದ ಬರೆಸಿಕೊಳ್ಳಿ. ಪರೀಕ್ಷೆಯಲ್ಲಿ ಬೇರೆ ಬಂದರೆ ದುಡ್ಡು ವಾಪಸ್ ಅಂತಲೂ ಬರೆಸಿ ಸಹಿ ಹಾಕಿಸಿ. ಪೂರ್ತಿ ಹಣ ಕೊಡುವ ಮುಂಚೆ ನೀವು ಆರಿಸಿದ ಅಕ್ಕಸಾಲಿಗರ ಹತ್ತಿರ ಲೂಪ್ ಹಾಕಿ ನೋಡಿಸಿ. ಅದಕ್ಕೆ ಒಪ್ಪದವರ ಹತ್ತಿರ ಕೊಳ್ಳಬೇಡಿ.