ಮಗಳನ್ನು ಕಾಲೇಜಿನಿಂದ ಬಿಡಿಸುವಾಗ ಬಾಯಲ್ಲಿ ಹೇಳಿ ಬರಬೇಡಿ, 18 ಸಾವಿರ ಹೋಗುತ್ತದೆ

ಬರೆಯಲು ನಾಚಿಕೆಯಾಗುತ್ತಿದೆ. ಅಂಗಡಿ ಲೆಕ್ಕ ಬರೆಯುವ ನನಗೇ ಹೀಗಾಯಿತಲ್ಲ ಅಂತ. ಆದರೂ ಬರೆಯುತ್ತೇನೆ.

ಮಗಳನ್ನು ತುಮಕೂರಿನ ಒಂದು ಖಾಸಗಿ ಡಿಗ್ರಿ ಕಾಲೇಜಿಗೆ ಬಿಎಸ್ಸಿಗೆ ಸೇರಿಸಿದ್ದೆ. ಹೆಸರು ಬೇಡ. ಬೋಧನಾ ಶುಲ್ಕ 60 ಸಾವಿರ, ಹಾಸ್ಟೆಲ್ ಡೆಪಾಸಿಟ್ 5 ಸಾವಿರ, ಮೆಸ್‌ಗೆ 12 ಸಾವಿರ. ಆಗಸ್ಟ್ 1ಕ್ಕೆ ತರಗತಿ ಶುರು. ಪ್ರವೇಶಕ್ಕೆ ಕೊನೆಯ ದಿನ ಆಗಸ್ಟ್ 10 ಅಂತ ನೋಟಿಸ್ ಬೋರ್ಡಲ್ಲಿ ಹಾಕಿದ್ದರು. ಅಷ್ಟರಲ್ಲಿ ಅವಳಿಗೆ ಕೃಷಿ ಬಿಎಸ್ಸಿ ಸೀಟು ಸಿಕ್ಕಿತು. ಖುಷಿಯಲ್ಲಿ 20ನೇ ತಾರೀಖು ಗುರುವಾರ ಗುಬ್ಬಿಯಿಂದ ಬಸ್ ಹತ್ತಿ ಆಫೀಸಿಗೆ ಹೋದೆ.

ಕ್ಲರ್ಕ್ ತುಂಬಾ ಮರ್ಯಾದೆಯಿಂದ ಮಾತಾಡಿದರು. "ಅಯ್ಯೋ, ಒಳ್ಳೇದಾಯ್ತು ಸರ್. ಅರ್ಜಿ ಏನೂ ಬೇಡ. ಪ್ರಿನ್ಸಿಪಾಲರು ಮೀಟಿಂಗಲ್ಲಿದ್ದಾರೆ, ಸೋಮವಾರ ಬನ್ನಿ."

ಅರ್ಜಿ ಏನೂ ಬೇಡ. ಇದನ್ನು ನಂಬಿದೆ.

ಸೋಮವಾರ 24ಕ್ಕೆ ಹೋದರೆ ಅದೇ ಮನುಷ್ಯ ನೋ ಡ್ಯೂ ಫಾರಂ ಕೊಟ್ಟರು. ಲೈಬ್ರರಿ, ಲ್ಯಾಬ್, ವಾರ್ಡನ್, ಆಫೀಸ್, ಎಲ್ಲರ ಸಹಿ ಆಗಬೇಕು. "ಇದು ಆದಮೇಲೆ ಅರ್ಜಿ ತಗೋತೀವಿ." ಲೈಬ್ರೇರಿಯನ್ ರಜೆ. ವಾರ್ಡನ್ ಸಂಜೆ ಐದಕ್ಕೆ ಸಿಗುತ್ತಾರೆ. ಸಹಿ ಮುಗಿಯುವ ಹೊತ್ತಿಗೆ 28ನೇ ತಾರೀಖು. ಆಗ ಅರ್ಜಿ ತೆಗೆದುಕೊಂಡು ಇನ್‌ವರ್ಡ್ ಸೀಲು ಹೊಡೆದರು. ಟಪ್ ಅಂತ ಹೊಡೆದರು, ಈಗಲೂ ಕಿವಿಯಲ್ಲಿದೆ.

ಆಮೇಲೆ ಹೇಳಿದರು: "ಸರ್, ಹದಿನೈದು ದಿನ ದಾಟಿದೆ. ಐವತ್ತು ಪರ್ಸೆಂಟ್ ಮಾತ್ರ."

ಯುಜಿಸಿಯ 2018ರ ಅಕ್ಟೋಬರ್ ಅಧಿಸೂಚನೆ ನಾನು ಓದಿದ್ದು ಆಮೇಲೆ. ಲೆಕ್ಕ ಶುರುವಾಗುವುದು ತರಗತಿ ಶುರುವಾದ ದಿನದಿಂದಲ್ಲ, ಪ್ರಕಟಿಸಿದ ಪ್ರವೇಶದ ಕೊನೆಯ ದಿನದಿಂದ. ಅದಾದ 15 ದಿನದೊಳಗೆ ಬಿಡುತ್ತೇನೆಂಬ ಅರ್ಜಿ ಕಾಲೇಜಿಗೆ ತಲುಪಿದರೆ 80 ಪರ್ಸೆಂಟ್ ವಾಪಸ್. 16ರಿಂದ 30 ದಿನದೊಳಗಾದರೆ 50. ಆಮೇಲೆ ಸೊನ್ನೆ. ನನಗೆ 25ನೇ ತಾರೀಖಿನವರೆಗೆ ಸಮಯ ಇತ್ತು! ಗುರುವಾರವೇ ಒಂದು ಹಾಳೆ ಕೊಟ್ಟಿದ್ದರೆ 48 ಸಾವಿರ ಬರುತ್ತಿತ್ತು, ಈಗ 30. ಸೋಮವಾರ ಕೊಟ್ಟಿದ್ದರೂ ಬರುತ್ತಿತ್ತು. ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅಷ್ಟೇ ವ್ಯತ್ಯಾಸ.

"ನಾನು 20ಕ್ಕೇ ಬಂದಿದ್ದೆನಲ್ಲ" ಅಂದೆ. "ಬಂದಿದ್ದಕ್ಕೆ ಏನಿದೆ ಸರ್ ದಾಖಲೆ?" ಅಂದರು. ಅದೇ ಮನುಷ್ಯ. ಅದೇ ನಗು.

ಇನ್ನು ಮೆಸ್ ದುಡ್ಡು. ಸೇರಿಸುವಾಗ "12 ಸಾವಿರ ಅಡ್ವಾನ್ಸ್ ಕಟ್ಟಿ" ಅಂದಿದ್ದರು. ನಮ್ಮ ಕಡೆ ಅಡ್ವಾನ್ಸ್ ಅಂದರೆ ಏನು? ಬಾಡಿಗೆ ಮನೆಗೆ ಕೊಡುವುದು, ಮನೆ ಬಿಡುವಾಗ ವಾಪಸ್ ಬರುವುದು, ಅಲ್ವಾ? ಇಲ್ಲಿ ಅಡ್ವಾನ್ಸ್ ಅಂದರೆ ಮುಂಗಡ ಊಟದ ದುಡ್ಡು! ರಸೀದಿ ತೆಗೆದು ನೋಡಿದರೆ "ಮೆಸ್ ಅಡ್ವಾನ್ಸ್, ಒಂದು ಸೆಮಿಸ್ಟರ್" ಅಂತ ಸಣ್ಣಕ್ಷರದಲ್ಲಿ ಇದೆ, ಡೆಪಾಸಿಟ್ ಅನ್ನುವ ಪದವೇ ಇಲ್ಲ. ಮಗಳು ಉಂಡಿದ್ದು 19 ದಿನ. "ರೇಷನ್ ಸೆಮಿಸ್ಟರ್‌ಗೆ ತಂದಾಗಿದೆ" ಅಂದರು ವಾರ್ಡನ್. ಒಬ್ಬಳು ಹುಡುಗಿಯ ಅಕ್ಕಿ ಬೇಳೆ ಮೂಟೆ ಕಟ್ಟಿ ಇಟ್ಟಿದ್ದರಂತೆ. ಒಂದು ರೂಪಾಯಿ ಬರಲಿಲ್ಲ.

ಹಾಸ್ಟೆಲ್ ಡೆಪಾಸಿಟ್ ಐದು ಸಾವಿರದಲ್ಲಿ "ಬಣ್ಣ ಬಳಿಯಲು" ಅಂತ 1,500 ಹಿಡಿದರು. ರಸೀದಿಯಲ್ಲಿ ಅದು ಡೆಪಾಸಿಟ್ ಅಂತಲೇ ಇದೆ. ಅಧಿಸೂಚನೆ ಪ್ರಕಾರ ಕಾಷನ್ ಮನಿ ಮತ್ತು ಸೆಕ್ಯುರಿಟಿ ಡೆಪಾಸಿಟ್ ಶುಲ್ಕದ ಲೆಕ್ಕಕ್ಕೆ ಸೇರುವುದಿಲ್ಲ, ಪೂರ್ತಿ ಕೊಡಬೇಕು. ಅದನ್ನು ತೋರಿಸಿದೆ. "ಅದು ಕಾಲೇಜಿಗೆ ಸರ್, ಹಾಸ್ಟೆಲ್ ಬೇರೆ ಟ್ರಸ್ಟ್" ಅಂದರು. ದುಡ್ಡು ಕಟ್ಟುವಾಗ ಮಾತ್ರ ಎರಡಕ್ಕೂ ಒಂದೇ ಕೌಂಟರ್.

ನೀವು ಹೋಗುವುದಾದರೆ, ಮೊದಲ ದಿನವೇ ಅರ್ಜಿಯ ಎರಡು ಪ್ರತಿ ಒಯ್ದು, ಒಂದರ ಮೇಲೆ ತಾರೀಖು ಸಮೇತ ಸೀಲು ಹಾಕಿಸಿ. ಸೀಲು ಕೊಡದಿದ್ದರೆ ಅಲ್ಲೇ ಕೂತು ಕಾಲೇಜಿನ ಇಮೇಲಿಗೆ ಕಳಿಸಿ, ರಿಜಿಸ್ಟರ್ಡ್ ಪೋಸ್ಟನ್ನೂ ಮಾಡಿ. ನೋ ಡ್ಯೂ ಆಮೇಲೆ ಅಲೆದಾಡಿ. ಯುಜಿಸಿ ಕೆಲವು ವರ್ಷ ಬೇರೆ ದಿನಾಂಕ ಹೊರಡಿಸುತ್ತದೆ, ನಿಮ್ಮ ವರ್ಷದ್ದು ನೋಡಿಕೊಳ್ಳಿ. ಇಂಜಿನಿಯರಿಂಗ್‌ನವರಿಗೆ ಎಐಸಿಟಿಇ ನಿಯಮ ಬೇರೆ, ನನ್ನ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಅರ್ಜಿ ಕೊಟ್ಟ 15 ದಿನದಲ್ಲಿ ದುಡ್ಡು ಕೊಡಬೇಕು ಅಂತಲೂ ಅದೇ ಅಧಿಸೂಚನೆಯಲ್ಲಿದೆ. ನನ್ನ 30 ಸಾವಿರ ಬಂದಿದ್ದು ಎರಡು ತಿಂಗಳ ಮೇಲೆ, ಅದೂ ಯುಜಿಸಿಯ ಇ-ಸಮಾಧಾನ್‌ನಲ್ಲಿ ದೂರು ಹಾಕಿದ ಮೇಲೆ. ಚೆಕ್ ಕೊಡುವಾಗ ಕ್ಲರ್ಕ್ ಕೇಳಿದರು: "ದೂರು ವಾಪಸ್ ತಗೊಳ್ತೀರಾ ಸರ್?" ಅದನ್ನು ಅರ್ಜಿಯಲ್ಲಿ ಬರೆದುಕೊಡಿ ಅಂದೆ. ಬರೆಯಲಿಲ್ಲ.