ಹೋಮ್ ಲೋನ್ ಪಾರ್ಟ್ ಪೇಮೆಂಟ್, ಜೊತೆಗೊಂದು ಎಸ್‌ಐಪಿ: 2021ರಿಂದ ಎರಡನ್ನೂ ಬಳಸಿದವನ ವಿಮರ್ಶೆ

ಬ್ಯಾಂಕಿನ ಹೆಸರು ಬೇಡ. ಇಲ್ಲಿ ಹೇಳೋ ದೂರು ಒಂದೇ ಬ್ಯಾಂಕಿನದ್ದಲ್ಲ, ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲೇ ಬೇರೆ ಬೇರೆ ಕಡೆ ಸಾಲ ತಗೊಂಡವರಿಗೂ ಆಗಿದೆ. ನನ್ನದು ರೆಪೊ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡೋ ದರಕ್ಕೆ, ಕಟ್ಟಿದ ಫ್ಲೋಟಿಂಗ್ ಸಾಲ, ಅದು ಏರಿದರೆ ಇದೂ ಏರುತ್ತೆ, 20 ವರ್ಷದ್ದು, ಪುಣೆಯ ವಾಕಡ್‌ನಲ್ಲಿ ಫ್ಲಾಟ್. ಕೋವಿಡ್ ಕಾಲಕ್ಕೆ ಇಳಿಸಿದ್ದ ಮುದ್ರಾಂಕ ಶುಲ್ಕದ ರಿಯಾಯಿತಿ 2021ರ ಮಾರ್ಚ್ ಕೊನೆಗೆ ಮುಗಿಯುತ್ತಿತ್ತು, ಅದಕ್ಕೆ ಮುಂಚೆ ತಗೊಂಡ್ವಿ. ನಾನು ಹಿಂಜವಡಿಯಲ್ಲಿ ಕೆಲಸ ಮಾಡುವವನು, ವಯಸ್ಸು ನಲವತ್ತು ದಾಟಿದೆ. ತಿಂಗಳ ಖರ್ಚೆಲ್ಲ ಕಳೆದು ಒಂದಿಷ್ಟು ಉಳಿಯುತ್ತೆ, ಮಾರ್ಚ್‌ನಲ್ಲಿ ಬೋನಸ್ ಬರುತ್ತೆ. ಆ ಹಣ ಸಾಲಕ್ಕೆ ಮುಂಗಡವಾಗಿ ಕಟ್ಟೋ ಪಾರ್ಟ್ ಪೇಮೆಂಟಿಗಾ, ತಿಂಗಳು ತಿಂಗಳು ಷೇರು ಫಂಡಿಗೆ ಹಾಕೋ ಎಸ್‌ಐಪಿಗಾ? ಈ ವಿಮರ್ಶೆ ಅದರ ಬಗ್ಗೆ.

ಮೊದಲು ಒಳ್ಳೆಯದು ಹೇಳಿಬಿಡ್ತೀನಿ. ಪಾರ್ಟ್ ಪೇಮೆಂಟ್ ಮಾಡೋದು ನಿಜಕ್ಕೂ ಸಲೀಸು. ಫ್ಲೋಟಿಂಗ್ ದರದ ಗೃಹಸಾಲಕ್ಕೆ ಮುಂಗಡ ಕಟ್ಟಿದರೆ ದಂಡ ಹಾಕುವಂತಿಲ್ಲ, ರಿಸರ್ವ್ ಬ್ಯಾಂಕಿನ ನಿಯಮ ಅದು. ನೆಟ್ ಬ್ಯಾಂಕಿಂಗ್‌ನಲ್ಲಿ ಲೋನ್ ಅಕೌಂಟ್ ತೆರೆದು, ಮೊತ್ತ ಹಾಕಿ, ಕಂತು ಇಳಿಸಬೇಕಾ ಅವಧಿ ಇಳಿಸಬೇಕಾ ಅಂತ ಆರಿಸಿದರೆ ಮುಗೀತು. ಕೆಲವು ಬ್ಯಾಂಕಿನವರು ಶಾಖೆಗೆ ಬಂದು ಫಾರ್ಮ್ ಕೊಡಿ ಅಂತಾರೆ. ನಮ್ಮ ಮನೆಯಲ್ಲಿ ಇದಕ್ಕೊಂದು ಪದ್ಧತಿ ಬೆಳೆದಿದೆ. ಇಎಂಐ ಹೋದ ದಿನ ಸಂಜೆ, ಚಹಾ ಲೋಟ ಪಕ್ಕಕ್ಕಿಟ್ಟು ನಾನು ಸ್ಟೇಟ್‌ಮೆಂಟ್ ತೆರೀತೀನಿ, ಹೆಂಡತಿ ಎಕ್ಸೆಲ್ ತೆರೀತಾಳೆ. ಬಡ್ಡಿ ಎಷ್ಟು, ಅಸಲು ಎಷ್ಟು, ಬಾಕಿ ಎಷ್ಟು, ಉಳಿದ ತಿಂಗಳು ಎಷ್ಟು, ನಾಲ್ಕೇ ಅಂಕಿ. ನಾನು ಓದೋದು, ಅವಳು ಬರೆಯೋದು. ಅವಳ ತವರು ಹುಬ್ಬಳ್ಳಿ, ಅವರಪ್ಪ ಸೊಸೈಟಿ ಬ್ಯಾಂಕಿನಲ್ಲಿದ್ದವರು, ಹಾಗಾಗಿ ಲೆಕ್ಕ ಅಂದರೆ ಅವಳಿಗೆ ಹಬ್ಬ.

ಈ ನಾಲ್ಕನೇ ಅಂಕಿ ಇದೆಯಲ್ಲ, ಉಳಿದ ತಿಂಗಳು, ಅದೇ ನನ್ನ ಇಡೀ ದೂರು.

2022ರ ಮೇ ತಿಂಗಳಿಂದ 2023ರ ಫೆಬ್ರವರಿ ಒಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು 4ರಿಂದ 6.5ಕ್ಕೆ ಏರಿಸಿತು. ನಮ್ಮ ಸಾಲದ ದರವೂ ಅಷ್ಟೇ ಏರಿತು. ಆದರೆ ಕಂತು ಏರಲಿಲ್ಲ! ಬಂದ ಎಸ್ಸೆಮ್ಮೆಸ್‌ನಲ್ಲಿ ದರ ಬದಲಾಗಿದೆ ಅಂತಷ್ಟೇ ಇತ್ತು. ತಿಂಗಳಿಗೆ ಹೋಗೋ ದುಡ್ಡು ಅಷ್ಟೇ ಇದ್ದರೆ ಯಾರು ತಲೆ ಕೆಡಿಸಿಕೊಳ್ತಾರೆ, ಹೇಳಿ. ಎಕ್ಸೆಲ್ ನೋಡಿ ಇವಳು ಕೇಳಿದಳು, “ರೀ, ಹೋದ ವರ್ಷ ಕಟ್ಟಿದ್ದೆಲ್ಲ ಎಲ್ಲಿ ಹೋಯ್ತು? ತಿಂಗಳು ಕಡಿಮೆ ಆಗೋದು ಬಿಟ್ಟು ಜಾಸ್ತಿ ಆಗ್ಯಾವಲ್ಲ!” ಸಾಲ ಮುಗಿಯೋ ದಿನಾಂಕ ನನ್ನ ನಿವೃತ್ತಿಯ ಆಚೆ ಹೋಗಿ ಕೂತಿತ್ತು.

ಇದು ಹೇಗೆ ಆಗುತ್ತೆ ಅನ್ನೋದನ್ನ ನನ್ನ ಸಾಲಕ್ಕೆ ಹತ್ತಿರದ ದುಂಡಗಿನ ಅಂಕಿಯಲ್ಲಿ ತೋರಿಸ್ತೀನಿ. 50 ಲಕ್ಷ ಸಾಲ, 7 ಪರ್ಸೆಂಟ್, 20 ವರ್ಷ ಅಂದರೆ ಕಂತು 38,765 ರೂಪಾಯಿ. ಎರಡು ವರ್ಷ ಕಟ್ಟಿದ ಮೇಲೆ ಬಾಕಿ ಸುಮಾರು 47.5 ಲಕ್ಷ, ಉಳಿದದ್ದು 216 ತಿಂಗಳು. ಈಗ ದರ 9.5 ಆಯ್ತು ಅನ್ಕೊಳ್ಳಿ. ಒಂದು ತಿಂಗಳ ಬಡ್ಡಿಯೇ 37,600 ದಾಟುತ್ತೆ. ಅಂದರೆ ಅದೇ ಕಂತಿನಲ್ಲಿ ಅಸಲಿಗೆ ಹೋಗೋದು ಬರೀ ಸಾವಿರದ ನೂರು ಚಿಲ್ಲರೆ. ಹೀಗೇ ಕಟ್ಟುತ್ತಾ ಹೋದರೆ ಸಾಲ ತೀರೋಕೆ 448 ತಿಂಗಳು, ಅಂದರೆ 37 ವರ್ಷ ಬೇಕು. ಅಷ್ಟು ದೂರ ಬ್ಯಾಂಕ್ ಬಿಡೋದಿಲ್ಲ, ವಯಸ್ಸಿನ ಮಿತಿ ಮುಟ್ಟಿದ ಮೇಲೆ ಕಂತು ಏರಿಸುತ್ತೆ. ಆದರೆ ಆ ಮಿತಿ ಮುಟ್ಟೋವರೆಗೆ ಅವಧಿ ಸುಮ್ನೆ ಹಿಗ್ಗುತ್ತಾ ಇರುತ್ತೆ.

2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ದರ ಬದಲಾದಾಗ ಕಂತು ಏರಿಸಬೇಕೋ, ಅವಧಿ ಹಿಗ್ಗಿಸಬೇಕೋ, ಎರಡೂ ಸೇರಿಸಬೇಕೋ ಅಂತ ಸಾಲಗಾರನಿಗೇ ಆಯ್ಕೆ ಕೊಡಿ ಅಂತ ಹೇಳಿತು. ಒಳ್ಳೆಯದೇ. ಆದರೆ ನಾವು ಬಾಯಿ ಬಿಟ್ಟು ಕೇಳಬೇಕು. ನಾನು ಶಾಖೆಗೆ ಹೋದಾಗ ಕೌಂಟರಿನ ಹುಡುಗ ಕಂತು ಏರಿಸೋ ಅರ್ಜಿ ಎಲ್ಲಿದೆ ಅಂತ ಹುಡುಕೋಕೇ ಒಂದು ಗಂಟೆ ತಗೊಂಡ. “ಸರ್, ಎಲ್ಲರೂ ಇಎಂಐ ಕಡಿಮೆ ಮಾಡಿ ಅಂತ ಬರ್ತಾರೆ, ನೀವೇನು ಜಾಸ್ತಿ ಮಾಡಿ ಅಂತೀರಿ” ಅಂತ ಮರಾಠಿಯಲ್ಲಿ ನಕ್ಕ.

ಇಲ್ಲೇ ಪಾರ್ಟ್ ಪೇಮೆಂಟಿನ ಜಾಹೀರಾತು ಜನರಿಗೆ ಮಂಕುಬೂದಿ ಎರಚೋದು. ಮೇಲಿನ ಲೆಕ್ಕದಲ್ಲೇ, 9.5ರ ದರದಲ್ಲಿ 3 ಲಕ್ಷ ಒಟ್ಟಿಗೆ ಕಟ್ಟಿ ನೋಡಿ. 448 ತಿಂಗಳು ಹೋಗಿ ಸುಮಾರು 305 ತಿಂಗಳಾಗುತ್ತೆ. ಹನ್ನೆರಡು ವರ್ಷ ಉಳೀತು! ಕ್ಯಾಲ್ಕ್ಯುಲೇಟರ್ ಹಸಿರು ಬಣ್ಣದಲ್ಲಿ ದೊಡ್ಡದಾಗಿ ತೋರಿಸುತ್ತೆ. ಆದರೆ ಆ 3 ಲಕ್ಷಕ್ಕೆ ಸಿಕ್ಕ ಲಾಭ ಎಷ್ಟು ಅಂದರೆ ವರ್ಷಕ್ಕೆ ಅದೇ 9.5, ತಿಂಗಳ ಚಕ್ರಬಡ್ಡಿ ಹಿಡಿದರೆ 9.9. ಅದಕ್ಕಿಂತ ಒಂದು ಪೈಸೆ ಜಾಸ್ತಿ ಇಲ್ಲ. ಉಳಿದ ತಿಂಗಳು, ಉಳಿದ ಬಡ್ಡಿ, ಇವು ಹೆದರಿಸೋಕೆ ಅಥವಾ ಖುಷಿಪಡಿಸೋಕೆ ಇರೋ ಅಂಕಿ. ಷೇರಿನ ಜೊತೆ ತೂಗಬೇಕಾದ್ದು ಸಾಲದ ದರ ಮಾತ್ರ. ಕಂತು ಇಳಿಸೋ ಆಯ್ಕೆ ದಡ್ಡತನ, ಅವಧಿ ಇಳಿಸೋದೇ ಜಾಣತನ ಅನ್ನೋದೂ ಪೂರ್ತಿ ನಿಜ ಅಲ್ಲ. ಎರಡರಲ್ಲೂ ಸಿಗೋ ದರ ಒಂದೇ. ಇಳಿದ ಕಂತಿನ ದುಡ್ಡು ಎಸ್‌ಐಪಿಗೆ ಹೋಗುತ್ತಾ ಅಥವಾ ಊಟ, ಶಾಪಿಂಗ್ ಅಂತ ಎಫ್‌ಸಿ ರೋಡಿಗೆ ಹೋಗುತ್ತಾ ಅನ್ನೋದರ ಮೇಲೆ ನಿಂತಿದೆ. ನಮ್ಮ ಮನೆಯಲ್ಲಿ ಎಫ್‌ಸಿ ರೋಡಿಗೆ ಹೋಗುತ್ತೆ, ಅದಕ್ಕೆ ನಾವು ಅವಧಿ ಇಳಿಸ್ತೀವಿ.

ಹಾಗಾದರೆ ಷೇರು ಎಷ್ಟು ಕೊಡಬೇಕು? ನಮ್ಮ ಭಾವ ಮುಂಬೈನ ಮಾಟುಂಗಾದಲ್ಲಿರೋರು, ಮಾರ್ಕೆಟ್ ಬಿಟ್ಟರೆ ಬೇರೆ ಮಾತಿಲ್ಲ. “ಏನಪ್ಪಾ, 12 ಪರ್ಸೆಂಟ್ ಬರೋ ಕಡೆ ಹಾಕೋದು ಬಿಟ್ಟು ಬ್ಯಾಂಕಿಗೆ ವಾಪಸ್ ಕೊಡ್ತೀಯಾ” ಅಂತ ಪ್ರತಿ ಸಲ ಶುರು ಮಾಡ್ತಾರೆ. ಸರಿ, ಕೂತು ಲೆಕ್ಕ ಹಾಕಿದ್ವಿ. 3 ಲಕ್ಷ, ಹತ್ತು ವರ್ಷ. ಸಾಲಕ್ಕೆ ಕಟ್ಟಿದರೆ, ದರ 9.5ರಲ್ಲೇ ನಿಂತರೆ, ಅದರ ಬೆಲೆ ಹತ್ತು ವರ್ಷಕ್ಕೆ ಸುಮಾರು 7.7 ಲಕ್ಷ. ಇದಕ್ಕೆ ಟ್ಯಾಕ್ಸ್ ಇಲ್ಲ, ಯಾಕಂದ್ರೆ ಇದು ಆದಾಯ ಅಲ್ಲ, ಕೊಡದೆ ಉಳಿದ ಬಡ್ಡಿ. ಷೇರುಪೇಟೆಯ ಸೂಚ್ಯಂಕ ನಿಫ್ಟಿಯ ಹಿಂದೆಯೇ ಹೋಗೋ ಇಂಡೆಕ್ಸ್ ಫಂಡ್ 12 ಕೊಟ್ಟರೆ 9.3 ಲಕ್ಷ ಆಗುತ್ತೆ, 1.25 ಲಕ್ಷದ ವಿನಾಯಿತಿ ಕಳೆದು ಉಳಿದ ಲಾಭಕ್ಕೆ 12.5 ಪರ್ಸೆಂಟ್ ತೆರಿಗೆ ಹೋದರೆ ಕೈಗೆ 8.7. ಫಂಡ್ 9 ಕೊಟ್ಟರೆ ತೆರಿಗೆ ಹೋಗಿ 6.7 ಚಿಲ್ಲರೆ. ಗೆದ್ದರೆ ಒಂದು ಲಕ್ಷ ಜಾಸ್ತಿ, ಸೋತರೆ ಒಂದು ಲಕ್ಷ ಕಡಿಮೆ. ಎರಡೂ ಸಮ ಆಗಬೇಕಾದರೆ ಫಂಡ್ ವರ್ಷಕ್ಕೆ 10.6 ಕೊಡಬೇಕು. ಭಾವ ಲೆಕ್ಕ ನೋಡಿ ಒಂದು ನಿಮಿಷ ಸುಮ್ಮನಿದ್ದು, “ಟ್ಯಾಕ್ಸ್ ರಿಯಾಯಿತಿ ಹೋಗುತ್ತಲ್ಲೋ” ಅಂದರು.

ಅದೂ ಹೋಗೋದಿಲ್ಲ. ನಾವೇ ಇರೋ ಮನೆಗೆ ಹಳೆ ತೆರಿಗೆ ಪದ್ಧತಿಯಲ್ಲಿ ಬಡ್ಡಿಗೆ ಸಿಗೋ ವಿನಾಯಿತಿ ವರ್ಷಕ್ಕೆ 2 ಲಕ್ಷ ಮಾತ್ರ, ಹೊಸ ಪದ್ಧತಿಯಲ್ಲಿ ಅದೂ ಇಲ್ಲ. 47.5 ಲಕ್ಷಕ್ಕೆ 9.5ರ ದರದಲ್ಲಿ ವರ್ಷದ ಬಡ್ಡಿ ನಾಲ್ಕೂವರೆ ಲಕ್ಷ. 3 ಲಕ್ಷ ಮುಂಗಡ ಕಟ್ಟಿದರೆ ಕಡಿಮೆಯಾಗೋದು ಆ 2 ಲಕ್ಷದ ಮೇಲಿನ ಬಡ್ಡಿ, ಅದಕ್ಕೆ ಮೊದಲೂ ರಿಯಾಯಿತಿ ಇರಲಿಲ್ಲ. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಸಾಲ ಇದ್ದು ಇಬ್ಬರೂ ಹಳೆ ಪದ್ಧತಿಯಲ್ಲಿದ್ದರೆ, ಬಾಕಿ ಕಡಿಮೆಯಾಗುತ್ತಾ ಬಂದ ಹಾಗೆ ಈ ಮಾತಿಗೆ ತೂಕ ಬರುತ್ತೆ. ನಮ್ಮ ಮನೆಗೆ ಬರಲ್ಲ.

ಭಾವನ ಕಡೆಗೂ ನ್ಯಾಯ ಹೇಳಬೇಕು. 2023ರ ಫೆಬ್ರವರಿ ಕೊನೆಗೆ ನಿಫ್ಟಿ 17,300ರ ಆಸುಪಾಸಿನಲ್ಲಿತ್ತು, 2024ರ ಸೆಪ್ಟೆಂಬರ್‌ನಲ್ಲಿ 26,000 ದಾಟಿತು. ಆ ಹೊತ್ತಿಗೆ ಅವರ ಫೋನ್ ಬಂದರೆ ನಾನು ಸ್ನಾನಕ್ಕೆ ಹೋಗಿದ್ದೀನಿ ಅಂತ ಹೇಳಿಸ್ತಿದ್ದೆ. 2025ರ ಮಾರ್ಚ್ ಶುರುವಿಗೆ 22,000ದ ಹತ್ತಿರ ಇಳಿದಾಗ ಅವರ ಫೋನ್ ಬರಲಿಲ್ಲ. ನಮ್ಮ ಕಂಪನಿಯಲ್ಲಿ ಜನರನ್ನ ಮನೆಗೆ ಕಳಿಸ್ತಾ ಇದ್ದದ್ದೂ ಆಗಲೇ. ಸಾಲಕ್ಕೆ ಕಟ್ಟಿದ ಹಣ ವಾಪಸ್ ಬರಲ್ಲ, ಫಂಡ್ ಆದರೆ ಬೇಕಾದಾಗ ಮಾರಬಹುದು ಅಂತಾರಲ್ಲ, ನಿಜ, ಆದರೆ ಕೆಲಸ ಹೋಗೋ ಕಾಲವೂ ಮಾರ್ಕೆಟ್ ಬೀಳೋ ಕಾಲವೂ ಜೊತೆಯಾಗೇ ಬರಬಹುದು. ಹಾಗಾಗಿ ಆರು ತಿಂಗಳ ಕಂತು ಮತ್ತು ಮನೆ ಖರ್ಚು ಎಫ್‌ಡಿಯಲ್ಲಿ ಬೇರೆ ಇಟ್ಟಿದ್ದೀವಿ, ಅದನ್ನ ಸಾಲಕ್ಕೂ ಮುಟ್ಟಿಸಲ್ಲ, ಷೇರಿಗೂ ಮುಟ್ಟಿಸಲ್ಲ.

ಕೊನೆಗೆ ನಾನು ಮಾಡಿದ್ದು ದೊಡ್ಡ ಪಾರ್ಟ್ ಪೇಮೆಂಟ್ ಅಲ್ಲ, ಕಂತು ಏರಿಸಿದ್ದು. ಮೇಲಿನ ಉದಾಹರಣೆಯಲ್ಲಿ ಕಂತನ್ನ 38,765ರಿಂದ 46,000ಕ್ಕೆ ಏರಿಸಿದರೆ 37 ವರ್ಷ ಮತ್ತೆ 18 ವರ್ಷಕ್ಕೆ ಬರುತ್ತೆ. ತಿಂಗಳಿಗೆ ಏಳು ಸಾವಿರ ಚಿಲ್ಲರೆ ಜಾಸ್ತಿ, ಅಷ್ಟೇ. ಉಳಿದದ್ದು ಎಸ್‌ಐಪಿಗೆ. ಇದರಲ್ಲಿ ನಾನು ಎಣಿಸದ ಖುಷಿ ಸಿಕ್ಕಿದ್ದು 2025ರಲ್ಲಿ. ರೆಪೊ ಇಳಿಯೋಕೆ ಶುರುವಾಗಿ ಡಿಸೆಂಬರ್ ಹೊತ್ತಿಗೆ 5.25ಕ್ಕೆ ಬಂತು. ನಾನು ಕಂತು ಇಳಿಸಿ ಅಂತ ಕೇಳಲಿಲ್ಲ. ಹಾಗಾಗಿ ಯಾವ ಬಟನ್ ಒತ್ತದೆಯೇ, ಯಾವ ಶಾಖೆಗೂ ಹೋಗದೆಯೇ, ಅದೇ ಕಂತು ಪ್ರತಿ ತಿಂಗಳು ಅಸಲನ್ನ ಜಾಸ್ತಿ ಜಾಸ್ತಿ ತಿನ್ನುತ್ತಿದೆ. ಸಂಜೆ ನಾಲ್ಕನೇ ಅಂಕಿ ಓದುವಾಗ ಇವಳು ಈಗ ಪೆನ್ಸಿಲ್ ತಿರುಗಿಸ್ತಾ ಮುಂದಿನ ತಿಂಗಳದ್ದನ್ನ ಮೊದಲೇ ಊಹಿಸ್ತಾಳೆ, ಸಾಮಾನ್ಯವಾಗಿ ಸರಿ ಇರುತ್ತೆ.

ಒಂದು ಕಿರಿಕಿರಿ ಇನ್ನೂ ಇದೆ. ರೆಪೊ ಮೇಲೆ ಬ್ಯಾಂಕ್ ಹಾಕೋ ಮಾರ್ಜಿನ್ ಹಳೆ ಗಿರಾಕಿಗೆ ಹಳೆಯದೇ ಇರುತ್ತೆ, ಹೊಸಬರಿಗೆ ಕಡಿಮೆ. ಇಳಿಸಿಕೊಳ್ಳೋಕೆ ಅರ್ಜಿ ಕೊಟ್ಟು ಶುಲ್ಕ ಕಟ್ಟಬೇಕು. ಅರ್ಧ ಪರ್ಸೆಂಟ್ ಇಳಿದರೂ 45 ಲಕ್ಷದ ಬಾಕಿಗೆ ವರ್ಷಕ್ಕೆ ಇಪ್ಪತ್ತೆರಡು ಸಾವಿರ ಉಳಿಯುತ್ತೆ, ಶುಲ್ಕ ಬೇಗ ಹುಟ್ಟುತ್ತೆ. ಪಾರ್ಟ್ ಪೇಮೆಂಟಾ ಎಸ್‌ಐಪಿಯಾ ಅಂತ ಜಗಳ ಆಡೋಕೆ ಮುಂಚೆ ಈ ಅರ್ಜಿ ಕೊಡಿ. ದರ 8.25ಕ್ಕೆ ಬಂದರೆ ಫಂಡ್ 9ರ ಮೇಲೆ ಸ್ವಲ್ಪ ಕೊಟ್ಟರೂ ಸಾಕು, ಲೆಕ್ಕ ಭಾವನ ಕಡೆ ವಾಲುತ್ತೆ. ನನ್ನ ಅರ್ಜಿ ಶಾಖೆಯಲ್ಲಿದೆ. ಅದು ಆದರೆ ಈ ಮಾರ್ಚ್ ಬೋನಸ್ ಪೂರ್ತಿ ಇಂಡೆಕ್ಸ್ ಫಂಡಿಗೆ, ಆಗದಿದ್ದರೆ ಸಾಲಕ್ಕೆ. ಐದಕ್ಕೆ ಮೂರೂವರೆ ಸ್ಟಾರ್.